ವಿದೇಶದಿಂದ ಮರಳುವವರೂ 182 ದಿನಗಳ ಅರ್ಧಸತ್ಯವೂ

ಹೊರದೇಶದ ಕೆಲಸ ಬಿಟ್ಟು ಭಾರತಕ್ಕೆ ಮರಳುವವರು ಪರಸ್ಪರ ಹೇಳಿಕೊಳ್ಳುವ ಮಾತೊಂದಿದೆ: ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಇಲ್ಲಿದ್ದರೆ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ, ಹೆಚ್ಚು ಇದ್ದರೆ ಉಂಟು. ಈ ಮಾತು ಅರ್ಧ ಮಾತ್ರ ನಿಜ. ಬಹುಕಾಲ ಹೊರಗಿದ್ದವರನ್ನು ಇದು ಸುಮ್ಮನೆ ಹೆದರಿಸುತ್ತದೆ. ಒಂದೆರಡು ವರ್ಷವಷ್ಟೇ ಹೊರಗಿದ್ದವರಿಗೆ ಇಲ್ಲದ ಧೈರ್ಯ ಕೊಡುತ್ತದೆ.

ಆದಾಯ ತೆರಿಗೆ ಕಾಯ್ದೆಯ 6ನೇ ಕಲಮಿನ ಪ್ರಕಾರ ನಿವಾಸಿಯಾಗಲು ದಾರಿ ಎರಡು. ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿರುವುದು ಒಂದು. ಆ ವರ್ಷ 60 ದಿನ ಇದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಇದ್ದಿರುವುದು ಇನ್ನೊಂದು. ಉದ್ಯೋಗಕ್ಕಾಗಿ ದೇಶ ಬಿಟ್ಟು ಹೋಗುವ ವರ್ಷದಲ್ಲಿ ಭಾರತೀಯ ನಾಗರಿಕರಿಗೆ ಈ 60ರ ಬದಲು 182 ಎಂಬ ರಿಯಾಯಿತಿಯಿದೆ. ರಜೆಗೆ ಬಂದು ಹೋಗುವವರಿಗೂ ಅಂಥದೇ ಸಡಿಲಿಕೆ ಇದೆ, ಇಲ್ಲಿನ ಆದಾಯ 15 ಲಕ್ಷ ಮೀರಿದವರಿಗೆ ಮಾತ್ರ ಅದು 120 ದಿನಕ್ಕೆ ಇಳಿಯುತ್ತದೆ. ಆದರೆ ನೆಲೆಸಲೆಂದೇ ಮರಳಿ ಬರುವವರಿಗೆ ಇಂಥ ರಿಯಾಯಿತಿ ಏನೂ ಇಲ್ಲ. ಹೋಗುವವರಿಗೆ ತೋರಿದ ಔದಾರ್ಯವನ್ನು ಬರುವವರಿಗೆ ಏಕೆ ತೋರಬಾರದು ಎಂಬುದಕ್ಕೆ ನನಗಂತೂ ಸಮಾಧಾನಕರ ಕಾರಣ ಕಂಡಿಲ್ಲ.

ನಿವಾಸಿ ಎಂದಾದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ ಒಂಬತ್ತು ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಭಾರತದಲ್ಲಿದ್ದವರು 'ಸಾಮಾನ್ಯ ನಿವಾಸಿಯಲ್ಲದ ನಿವಾಸಿ' ಎನಿಸಿಕೊಳ್ಳುತ್ತಾರೆ. ಲೆಕ್ಕಪರಿಶೋಧಕರು ಇದನ್ನು ಆರ್‌ಎನ್‌ಓಆರ್ ಎನ್ನುತ್ತಾರೆ. ಇಂಥವರು ಹೊರದೇಶದಲ್ಲಿ ದುಡಿದು ಅಲ್ಲೇ ಪಡೆದ ಸಂಬಳಕ್ಕೆ ಭಾರತದಲ್ಲಿ ತೆರಿಗೆ ಬೀಳುವುದಿಲ್ಲ.

ಕುವೈತಿನಿಂದ ಒಂದೇ ದಿನ, 2025ರ ಆಗಸ್ಟ್ 5ರಂದು, ಇಬ್ಬರು ಮರಳಿದರು ಎಂದುಕೊಳ್ಳೋಣ. ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಇಬ್ಬರದೂ ತಿಂಗಳಿಗೆ ಎರಡು ಲಕ್ಷ ರೂಪಾಯಿಯಷ್ಟು ಸಂಬಳ, ಒಟ್ಟು ಎಂಟು ಲಕ್ಷ. ಬಂದ ಮೇಲೆ ಇಲ್ಲಿ ತಿಂಗಳಿಗೆ 90 ಸಾವಿರದಂತೆ ಎಂಟು ತಿಂಗಳಿಗೆ 7.2 ಲಕ್ಷ. ಮಾರ್ಚ್ ಅಂತ್ಯದವರೆಗೆ 239 ದಿನ ಆಗುವುದರಿಂದ ಇಬ್ಬರೂ ನಿವಾಸಿಗಳೇ. ಮೊದಲನೆಯವರು ಒಂಬತ್ತು ವರ್ಷ ಅಲ್ಲಿದ್ದು, ವರ್ಷಕ್ಕೆ ನಲವತ್ತು ದಿನ ರಜೆಗೆ ಬಂದವರು. ಏಳು ವರ್ಷಗಳ ಮೊತ್ತ 280 ದಿನ, 729ಕ್ಕೆ ಬಹಳ ದೂರ. ಆದ್ದರಿಂದ ಅವರ ಎಂಟು ಲಕ್ಷ ಲೆಕ್ಕಕ್ಕೇ ಬರುವುದಿಲ್ಲ, ಉಳಿದ 7.2 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ರಿಬೇಟ್ ಕಳೆದು ತೆರಿಗೆ ಸೊನ್ನೆ. ಎರಡನೆಯವರು 2023ರ ನವೆಂಬರಿನಲ್ಲಷ್ಟೇ ಹೋದವರು. ಅದಕ್ಕೂ ಮೊದಲಿನ ಐದು ವರ್ಷ ಪೂರ್ತಿ ಇಲ್ಲೇ ಇದ್ದುದರಿಂದ ಅವರು ಎಲ್ಲ ಅರ್ಥದಲ್ಲೂ ನಿವಾಸಿ. 15.2 ಲಕ್ಷದಲ್ಲಿ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯುವುದು 14.45 ಲಕ್ಷ, ತೆರಿಗೆ ಸೆಸ್ ಸೇರಿ 1,00,620 ರೂಪಾಯಿ. ಕುವೈತಿನಲ್ಲಿ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಕಾರಣ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಹೊಂದಿಸಿಕೊಳ್ಳುವ ದಾರಿಯೂ ಇಲ್ಲ. ಸಂಬಳದಲ್ಲಿ ತೆರಿಗೆ ಹಿಡಿಯುವ ದೇಶದಿಂದ ಬಂದಿದ್ದರೆ ಫಾರ್ಮ್ 67 ಸಲ್ಲಿಸಿ ಅಷ್ಟನ್ನಾದರೂ ಹೊಂದಿಸಿಕೊಳ್ಳಬಹುದಿತ್ತು.

ಈ ಎರಡನೆಯವರು ಅಕ್ಟೋಬರ್ ಎರಡರವರೆಗೆ ಕಾದು, ದಿನಗಳನ್ನು 181ಕ್ಕೆ ಇಳಿಸಿಕೊಂಡಿದ್ದರೆ? ಏನೂ ಪ್ರಯೋಜನವಾಗುತ್ತಿರಲಿಲ್ಲ. ಹಿಂದಿನ ನಾಲ್ಕು ವರ್ಷಗಳ 365 ದಿನ ಯಾವತ್ತೋ ತುಂಬಿರುವುದರಿಂದ ಅವರನ್ನು ಅಳೆಯುವುದು 60ರ ಗೆರೆ. ಆ ವರ್ಷ ನಡುವೆ ಒಮ್ಮೆಯೂ ಬಾರದೆ, 2026ರ ಫೆಬ್ರವರಿ ಒಂದರಂದೋ ಆಮೇಲೋ ಬಂದಿದ್ದರೆ ಮಾತ್ರ 59 ದಿನಕ್ಕೆ ನಿಂತು ಅನಿವಾಸಿಯಾಗಿ ಉಳಿಯುತ್ತಿದ್ದರು. ಬಂದಿಳಿದ ದಿನವನ್ನೂ ಹೊರಟ ದಿನವನ್ನೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರಾದ್ದರಿಂದ ಗೆರೆಯ ಅಂಚಿಗೇ ಟಿಕೆಟ್ ಮಾಡಿಸುವುದು ಜಾಣತನವಲ್ಲ. ಪಾಸ್‌ಪೋರ್ಟಿನ ಮುದ್ರೆಗಳೇ ಇದಕ್ಕೆಲ್ಲ ಮುಖ್ಯ ಪುರಾವೆ. ಹಳೆಯ ಪಾಸ್‌ಪೋರ್ಟನ್ನು ಎಸೆಯಬಾರದು.

ಮೊದಲನೆಯವರಿಗೂ ಒಂದು ಕಡೆ ಕಾಲು ಜಾರಬಹುದು. ಭಾರತದಲ್ಲೇ ಮೊದಲು ಕೈಸೇರಿದ ಆದಾಯಕ್ಕೆ ನಿವಾಸ ಸ್ಥಿತಿ ಯಾವುದೇ ಇದ್ದರೂ ತೆರಿಗೆಯುಂಟು. ಅಲ್ಲಿ ಪಡೆದು ಆಮೇಲೆ ಕಳಿಸಿಕೊಂಡ ಹಣಕ್ಕೆ ಈ ತಾಪತ್ರಯವಿಲ್ಲ. ಕೆಲಸ ಬಿಡುವ ಗಡಿಬಿಡಿಯಲ್ಲಿ ಅಲ್ಲಿನ ಬ್ಯಾಂಕ್ ಖಾತೆ ಮುಚ್ಚಿಸಿ, ಕೊನೆಯ ತಿಂಗಳ ಸಂಬಳವನ್ನೂ ಸೇವಾಂತ್ಯದ ಹಣವನ್ನೂ ನೇರವಾಗಿ ಊರಿನ ಖಾತೆಗೆ ಹಾಕಿ ಎಂದು ಕಂಪನಿಗೆ ಬರೆದುಕೊಟ್ಟರೆ, ಇಲ್ಲದಿದ್ದ ಪ್ರಶ್ನೆಯೊಂದನ್ನು ತಾವೇ ಹುಟ್ಟಿಸಿಕೊಂಡಂತೆ. ಆ ಹಣ ಅಲ್ಲಿನ ಖಾತೆಗೆ ಜಮೆಯಾದ ಮೇಲೆಯೇ ಖಾತೆ ಮುಚ್ಚಿಸಬೇಕು.