ಬ್ಯೂಟಿ ಚೈನ್ ಫ್ರ್ಯಾಂಚೈಸಿ: ಫೀ ಕಟ್ಟೋ ಮುಂಚೆ ಅವರ ಲೆಕ್ಕದ ಶೀಟ್ ಬಿಡಿಸಿ ನೋಡಿ

ದಾವಣಗೆರೆಯಲ್ಲಿ ಪಾರ್ಲರ್ ನಡೆಸುವ ಹೆಣ್ಣುಮಕ್ಕಳಿಗೆ ಈಗ ದೊಡ್ಡ ದೊಡ್ಡ ಬ್ಯೂಟಿ ಚೈನ್‌ಗಳಿಂದ "ನಮ್ಮ ಫ್ರ್ಯಾಂಚೈಸಿ ತಗೊಳ್ಳಿ" ಎಂದು ಫೋನ್ ಬರುತ್ತಿದೆ. ನನ್ನ ನಾದಿನಿಗೂ ಬಂತು. ವಿದ್ಯಾನಗರದಲ್ಲಿ ಅವಳದ್ದು ಚಿಕ್ಕ ಪಾರ್ಲರ್, ಅದರ ಲೆಕ್ಕ ನೋಡಿಕೊಳ್ಳುವುದು ನಾನೇ. "ಅತ್ತಿಗೆ, ಈ ವಾರದೊಳಗೆ ಫೀ ಕಟ್ಟಿದರೆ ಏರಿಯಾ ನಮಗೇ ಅಂತೆ, ಒಂದ್ಸಲ ನೋಡಿ" ಎಂದು ಅವರು ಕಳಿಸಿದ ಎಕ್ಸೆಲ್ ಶೀಟ್ ತಂದುಕೊಟ್ಟಳು. ಅದನ್ನು ಬಿಡಿಸಿ ನೋಡಿದಾಗ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಇದೇ ಶೀಟ್ ಇನ್ನೂ ಎಷ್ಟೋ ಜನರ ಕೈಯಲ್ಲಿರಬಹುದು.

ಶೀಟ್ ಪ್ರಕಾರ ಫ್ರ್ಯಾಂಚೈಸಿ ಫೀ 6 ಲಕ್ಷ. ಇಂಟೀರಿಯರ್, ಕುರ್ಚಿ, ಮೆಷಿನ್ ಎಲ್ಲ ಸೇರಿ 28 ಲಕ್ಷ. ಒಟ್ಟು 34. ತಿಂಗಳಿಗೆ 6 ಲಕ್ಷ ವ್ಯಾಪಾರ, 16 ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್. ಕೆಳಗೆ ಸಣ್ಣ ಅಕ್ಷರದಲ್ಲಿ, "ಜಿಎಸ್‌ಟಿ ಪ್ರತ್ಯೇಕ, ಇನ್‌ಪುಟ್ ಸಿಗುತ್ತದೆ."

ಎಡವುವುದು ಇಲ್ಲೇ. 2025ರ ಸೆಪ್ಟೆಂಬರ್ 22ರಿಂದ ಸಲೂನ್, ಪಾರ್ಲರ್ ಸೇವೆಯ ಮೇಲಿನ ಜಿಎಸ್‌ಟಿ 18ರಿಂದ ಶೇಕಡಾ 5ಕ್ಕೆ ಇಳಿಯಿತು. ಗ್ರಾಹಕರಿಗೆ ಒಳ್ಳೆಯದೇ. ಆದರೆ ಆ 5ರ ಜೊತೆ ಇನ್‌ಪುಟ್ ಕ್ರೆಡಿಟ್ ಹೋಯಿತು. ಮುಂಚೆ ಫೀ ಮೇಲೆ, ಇಂಟೀರಿಯರ್ ಮೇಲೆ ಕಟ್ಟಿದ ತೆರಿಗೆಯನ್ನು ಗ್ರಾಹಕರಿಂದ ಪಡೆದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಿತ್ತು. ಈಗ ಅದು ನಮ್ಮ ಜೇಬಿನಿಂದಲೇ ಹೋಗುವ ಖರ್ಚು. 34 ಲಕ್ಷಕ್ಕೆ ಶೇಕಡಾ 18 ಎಂದರೆ 6 ಲಕ್ಷ 12 ಸಾವಿರ. ಅಂದರೆ ಇನ್ನೊಂದು ಫ್ರ್ಯಾಂಚೈಸಿ ಫೀಯಷ್ಟೇ ದುಡ್ಡು, ಶೀಟ್‌ನಲ್ಲಿ ಇಲ್ಲವೇ ಇಲ್ಲ! ಕಂಪನಿಗೆ ತಿಂಗಳು ತಿಂಗಳು ಕಟ್ಟುವ ರಾಯಲ್ಟಿಯೂ ಹಾಗೇ. 10 ಪರ್ಸೆಂಟ್ ಎಂದು ಬರೆದಿರುತ್ತದೆ, ತೆರಿಗೆ ಸೇರಿ ಕೈಯಿಂದ ಹೋಗುವುದು 11.8. ಅದೂ ಲಾಭದ ಮೇಲಲ್ಲ, ಒಟ್ಟು ವ್ಯಾಪಾರದ ಮೇಲೆ. ತಿಂಗಳು ನಷ್ಟವಾದರೂ ರಾಯಲ್ಟಿ ಕಟ್ಟಲೇಬೇಕು.

ಆಮೇಲೆ ಆ 6 ಲಕ್ಷದ ವ್ಯಾಪಾರ. ದಿನಕ್ಕೆ 20 ಸಾವಿರ. ಸರಾಸರಿ ಬಿಲ್ 800 ರೂಪಾಯಿ ಹಿಡಿದರೂ ದಿನಾ 25 ಬಿಲ್, ಒಂದು ದಿನವೂ ರಜೆ ಇಲ್ಲದೆ. ನಮ್ಮ ಊರಲ್ಲಿ ಮಂಗಳವಾರ ಕೂದಲು ಕತ್ತರಿಸಿಕೊಳ್ಳಲು ಬರುವವರೇ ಕಡಿಮೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಬ್ರೈಡಲ್ ಮೇಕಪ್ ಆರ್ಡರ್ ನಿಂತುಹೋಗುತ್ತದೆ. ಶೀಟ್‌ನಲ್ಲಿ ಮಾತ್ರ ಹನ್ನೆರಡು ತಿಂಗಳಿಗೂ ಒಂದೇ ಅಂಕಿ. ಇದನ್ನು ಮಾಡಿದವರು ನಮ್ಮ ಪಂಚಾಂಗ ನೋಡಿಲ್ಲ ಎನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅದಕ್ಕೆ ನಾನು 4 ಲಕ್ಷ ಇಟ್ಟುಕೊಂಡು ಲೆಕ್ಕ ಹಾಕಿದೆ. ಸಂಬಳ ಒಂದೂವರೆ ಲಕ್ಷ, ಬಾಡಿಗೆ 60 ಸಾವಿರ, ಕ್ರೀಮು ಕಲರ್ ಇತ್ಯಾದಿ ಸಾಮಾನಿಗೆ 60 ಸಾವಿರ, ಕರೆಂಟು ನೀರು ಚಿಲ್ಲರೆ ಖರ್ಚು 25 ಸಾವಿರ, ತೆರಿಗೆ ಸೇರಿ ರಾಯಲ್ಟಿ 47,200. ಉಳಿಯುವುದು 57,800. ವರ್ಷಕ್ಕೆ ಏಳು ಲಕ್ಷವೂ ಆಗುವುದಿಲ್ಲ. ಹಾಕಿದ 40 ಲಕ್ಷ ತಿರುಗಿ ಬರಲು ಹತ್ತಿರ ಹತ್ತಿರ ಆರು ವರ್ಷ ಬೇಕು. ಅಗ್ರಿಮೆಂಟ್ ಇರುವುದು ಐದೇ ವರ್ಷಕ್ಕೆ! ಬಡ್ಡಿ ಸೇರಿಸಿಲ್ಲ, ನಾದಿನಿ ಬೆಳಗಿನಿಂದ ರಾತ್ರಿವರೆಗೆ ದುಡಿಯುವುದಕ್ಕೆ ಸಂಬಳವನ್ನೂ ಹಿಡಿದಿಲ್ಲ.

ಹಾಗಾದರೆ 6 ಲಕ್ಷ ಎಲ್ಲಿಂದ ಬಂತು? ಅವರದೇ ಫ್ರ್ಯಾಂಚೈಸಿ ತಗೊಂಡ ಇನ್ನೊಂದು ಊರಿನ ಅಕ್ಕನೊಬ್ಬರ ಹತ್ತಿರ ಹೋಗಿ ಕೂತೆವು. ಪಾಪ, ಅವರು ಬಿಲ್ಲಿಂಗ್ ಕಂಪ್ಯೂಟರ್ ತೆರೆದೇ ತೋರಿಸಿದರು. ಓಪನಿಂಗ್ ತಿಂಗಳಲ್ಲಿ ವ್ಯಾಪಾರ ಭರ್ಜರಿ. ಆದರೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಂಬರ್‌ಶಿಪ್ ಪ್ಯಾಕೇಜ್. ಗ್ರಾಹಕರು ಒಮ್ಮೆ ದುಡ್ಡು ಕಟ್ಟಿ ವರ್ಷವಿಡೀ ಬಂದು ಫೇಷಿಯಲ್ ಮಾಡಿಸಿಕೊಳ್ಳುತ್ತಾರೆ. ರಾಯಲ್ಟಿ ಮಾರಿದ ತಿಂಗಳೇ ಹೋಯಿತು, ಕೆಲಸ, ಸಾಮಾನು, ಸಂಬಳ ಮಾತ್ರ ಮುಂದಿನ ತಿಂಗಳುಗಳ ತಲೆಗೆ. ಐದನೇ ತಿಂಗಳಿಗೆ ಕುರ್ಚಿಗಳೆಲ್ಲ ತುಂಬಿದ್ದರೂ ಗಲ್ಲಾಪೆಟ್ಟಿಗೆ ಖಾಲಿ. ಅದಕ್ಕೇ, ಯಾವುದೇ ಶಾಖೆಯ ವ್ಯಾಪಾರ ಕೇಳುವಾಗ "ಪ್ಯಾಕೇಜ್ ಬಿಟ್ಟು ಎಷ್ಟು?" ಎಂದೇ ಕೇಳಬೇಕು. ಅದೂ ಶಾಖೆ ಶುರುವಾಗಿ ವರ್ಷ ದಾಟಿದ ಮೇಲಿನ ಅಂಕಿ. ಕಂಪನಿಯವರೇ ಆರಿಸಿಕೊಟ್ಟ ಶಾಖೆಗೆ ಹೋಗಬೇಡಿ, ನೀವೇ ಹುಡುಕಿಕೊಂಡು ಹೋಗಿ. ಮುಚ್ಚಿಹೋದ ಶಾಖೆಯವರು ಸಿಕ್ಕಿದರೆ ಇನ್ನೂ ಒಳ್ಳೆಯದು.

ನಮ್ಮ ದೇಶದಲ್ಲಿ ಫ್ರ್ಯಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನಿಲ್ಲ. ಎಷ್ಟು ಶಾಖೆ ಮುಚ್ಚಿದವು ಎಂದು ಫೀ ತಗೊಳ್ಳುವ ಮುಂಚೆ ಬರೆದು ಕೊಡಲೇಬೇಕೆಂಬ ಫ್ರ್ಯಾಂಚೈಸಿ ನಿಯಮವೂ ಇಲ್ಲ. ಅಗ್ರಿಮೆಂಟ್‌ನಲ್ಲಿ ಏನಿದೆಯೋ ಬಹುಮಟ್ಟಿಗೆ ಅದೇ ನಮಗೆ ಆಧಾರ. ಆದರೆ ಇವರು ಅಗ್ರಿಮೆಂಟ್ ತೋರಿಸುವುದೇ ಫೀ ಕಟ್ಟಿದ ಮೇಲೆ! ಇದಕ್ಕೆ ಮಾತ್ರ ಒಪ್ಪಬೇಡಿ. ಕರಡು ಮೊದಲು ಕೈಗೆ ಬರಲಿ, ವಕೀಲರು ಓದಲಿ.

ನಾದಿನಿ ಈಗ ಅವರಿಗೆ ಇಮೇಲ್ ಕಳಿಸಿದ್ದಾಳೆ. ಜಿಎಸ್‌ಟಿ ಸೇರಿಸಿ ಹೊಸ ಶೀಟ್ ಬೇಕು. ಜಾಗ ಅವರಿಗೆ ಒಪ್ಪಿಗೆಯಾಗದಿದ್ದರೆ ಫೀ ಪೂರ್ತಿ ವಾಪಸ್ ಎಂದು ಬರೆದುಕೊಡಬೇಕು. "ಏರಿಯಾ ನಿಮ್ಮದೇ" ಎಂದರೆ ಎಲ್ಲಿಂದ ಎಲ್ಲಿವರೆಗೆ, ಎಂಸಿಸಿ ಬಿ ಬ್ಲಾಕ್ ಅದರಲ್ಲಿ ಬರುತ್ತದೋ ಇಲ್ಲವೋ, ಅದೂ ಅಗ್ರಿಮೆಂಟ್‌ನಲ್ಲಿರಬೇಕು. ವಾರದ ಗಡುವು ಮುಗಿದಿದೆ, ಏರಿಯಾ ಇನ್ನೂ ಯಾರಿಗೂ ಹೋಗಿಲ್ಲ. ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ.