ಉಳಿಕೆ ಇದೆ ಅಂತೀರಿ, ದುಡ್ಡೆಲ್ಲಿ?

ಸ್ವಾಗತ ಭಾಷಣ ನಡೆಯುವಾಗ ಜನ ಸಾಮಾನ್ಯವಾಗಿ ಕುರ್ಚಿ ಹುಡುಕುತ್ತಿರುತ್ತಾರೆ, ಪಕ್ಕದವರನ್ನು ಮಾತಾಡಿಸುತ್ತಿರುತ್ತಾರೆ, ಫೋನು ನೋಡುತ್ತಿರುತ್ತಾರೆ. ಹೌಸಿಂಗ್ ಸೊಸೈಟಿಯ ವಾರ್ಷಿಕ ಮಹಾಸಭೆಯಲ್ಲಿ ಮಾತ್ರ ಹಾಗಲ್ಲ. ಅಲ್ಲಿ ಕೇಳುತ್ತಾರೆ. ಮೂರನೇ ಸಾಲಿನಲ್ಲಿ ಒಬ್ಬರು ಆಡಿಟ್ ವರದಿಗೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿಕೊಂಡು ಬಂದಿರುತ್ತಾರೆ. ಹಿಂದಿನ ಸಾಲಿನಲ್ಲಿ ಸೋರುವ ಬಚ್ಚಲಿನ ಫೋಟೋ ಹಿಡಿದುಕೊಂಡು ಇನ್ನೊಬ್ಬರು. ಅವರಿಬ್ಬರೂ ಕಾಯುತ್ತಿರುವುದು ಕಾರ್ಯದರ್ಶಿ ಬಾಯಿ ಬಿಡುವುದನ್ನೇ.

ಇಂಥ ಕಡೆ ನಮ್ಮ ಹೆಚ್ಚಿನ ಕಾರ್ಯದರ್ಶಿಗಳು ಏನು ಮಾಡುತ್ತಾರೆ? ಸಮಿತಿ ಹಗಲು ರಾತ್ರಿ ದುಡಿದದ್ದನ್ನು ಹೇಳುತ್ತಾರೆ. ಸಂಬಳವಿಲ್ಲದೆ ದುಡಿದದ್ದನ್ನು ಇನ್ನೊಮ್ಮೆ ಹೇಳುತ್ತಾರೆ. ಆಮೇಲೆ, 'ಕೆಲವರು ಹೊರಗೆ ಏನೇನೋ ಮಾತಾಡಿಕೊಳ್ಳುತ್ತಿದ್ದಾರೆ' ಎಂದು ಒಂದು ಮಾತು ಸೇರಿಸುತ್ತಾರೆ. ಮುಗಿಯಿತು. ಆ ಕೆಲವರು ಯಾರು ಅಂತ ಸಭೆಗೆಲ್ಲ ಗೊತ್ತು, ಅವರಿಗೂ ಗೊತ್ತು. ಅಜೆಂಡಾದ ಮೊದಲ ವಿಷಯಕ್ಕೆ ಬರುವ ಮೊದಲೇ ಎದ್ದು ನಿಂತು, 'ಹೆಸರು ಹೇಳಿ ಸ್ವಾಮಿ' ಅನ್ನುತ್ತಾರೆ. ಯಾರೂ ಕೇಳದ ಪ್ರಶ್ನೆಗೆ ಸಮರ್ಥನೆ ಕೊಟ್ಟರೆ, ಏನೋ ಇದೆ ಅಂತಲೇ ಜನ ತಿಳಿಯುವುದು.

ನಾನು ಮೆಚ್ಚುವ ಸ್ವಾಗತ ಭಾಷಣ ಐದು ನಿಮಿಷದ್ದು. ಅದರಲ್ಲಿ ಅರ್ಧ ಹೊತ್ತು ಒಂದೇ ಒಂದು ಪ್ರಶ್ನೆಗೆ ಹೋಗುತ್ತದೆ. ಬಹಳಷ್ಟು ಮಹಾಸಭೆಗಳು ಎಡವುವ ಪ್ರಶ್ನೆ ಅದು: 'ವರದಿಯಲ್ಲಿ ಉಳಿಕೆ ಅಂತ ತೋರಿಸಿದ್ದೀರಿ, ಬ್ಯಾಂಕಿನಲ್ಲಿ ದುಡ್ಡು ಕಮ್ಮಿಯಾಗಿದೆ. ಎಲ್ಲಿ ಹೋಯ್ತು?'

ಕೇಳುವವರದು ತಪ್ಪಲ್ಲ. ಎರಡು ಅಂಕಿ ಎದುರು ಬದುರು ಇಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. 60 ಮನೆಗಳ ಸೊಸೈಟಿ, ತಿಂಗಳಿಗೆ ಮನೆಗೆ 3,000 ಮೇಂಟೆನೆನ್ಸ್. ವರ್ಷಕ್ಕೆ ಬಿಲ್ ಮಾಡಿದ್ದು 21,60,000. ವರ್ಷದ ಖರ್ಚು 19,80,000. ಆದಾಯ-ವೆಚ್ಚದ ಪಟ್ಟಿಯ ಕೊನೆಯಲ್ಲಿ 1,80,000 ಉಳಿಕೆ. ಚೆನ್ನಾಗಿದೆ ಅಲ್ವಾ? ಈಗ ಬ್ಯಾಂಕ್ ಪುಸ್ತಕ ತೆಗೆಯಿರಿ. ವರ್ಷದ ಮೊದಲ ದಿನ 6,20,000 ಇತ್ತು, ಕೊನೆಯ ದಿನ 4,10,000. ಎರಡು ಲಕ್ಷದ ಹತ್ತು ಸಾವಿರ ಇಳಿದಿದೆ. ಉಳಿಸಿದವರ ಖಾತೆ ಇಳಿಯುವುದು ಹೇಗೆ?

ಇಳಿಯುತ್ತದೆ, ಯಾರೂ ಕದಿಯದೆಯೂ ಇಳಿಯುತ್ತದೆ. ಆದಾಯ-ವೆಚ್ಚದ ಪಟ್ಟಿ ಕೈಗೆ ಬಂದ ಹಣವನ್ನು ಎಣಿಸುವುದಿಲ್ಲ, ಬರಬೇಕಾದ ಹಣವನ್ನು ಎಣಿಸುತ್ತದೆ. ಬಿಲ್ ಕಳಿಸಿದ ಕೂಡಲೇ ಅದು ಆದಾಯ, ಆ ಮನೆಯವರು ಕಟ್ಟಲಿ ಬಿಡಲಿ. ಈ ಸೊಸೈಟಿಯಲ್ಲಿ ಏಳು ಮನೆಯವರು ಇಡೀ ವರ್ಷ ಕಟ್ಟಿಲ್ಲ, ಇನ್ನೊಂದು ಮನೆಯದು ಆರು ತಿಂಗಳ ಬಾಕಿ. ಒಟ್ಟು 2,70,000. ಈ ಮೊತ್ತ ಪಟ್ಟಿಯಲ್ಲಿ ಆದಾಯವಾಗಿ ಕೂತಿದೆ, ಬ್ಯಾಂಕಿಗೆ ಬಂದೇ ಇಲ್ಲ. ಹಾಗಾಗಿ 1,80,000 ಉಳಿಕೆಯಿಂದ ಅದನ್ನು ಕಳೆದರೆ, ಖಾತೆ ಆಗಲೇ 90,000 ಕೆಳಗೆ ಹೋಗಿದೆ.

ಗೋಡೆಗೆ ಬಣ್ಣ ಹೊಡೆಸಲು ಗುತ್ತಿಗೆದಾರನಿಗೆ ಮುಂಗಡ ಅಂತ 1,50,000 ಕೊಟ್ಟಿದ್ದಾರೆ. ಕೆಲಸ ಇನ್ನೂ ಶುರುವಾಗಿಲ್ಲ, ಆದ್ದರಿಂದ ಅದು ಈ ವರ್ಷದ ಖರ್ಚಲ್ಲ. ಆಸ್ತಿ-ಜವಾಬ್ದಾರಿಯ ಪಟ್ಟಿಯಲ್ಲಿ 'ಮುಂಗಡ' ಅಂತ ಇನ್ನೊಂದು ಪುಟದಲ್ಲಿ ತಣ್ಣಗೆ ಕೂತಿರುತ್ತದೆ. ದುಡ್ಡು ಮಾತ್ರ ಹೋಗಿದೆ. ಈಗ ಇಳಿಕೆ 2,40,000. ಕೊನೆಯ ತಿಂಗಳ ಸೆಕ್ಯುರಿಟಿ ಬಿಲ್ 30,000 ಖರ್ಚಿಗೆ ಬರೆದಾಗಿದೆ, ಚೆಕ್ ಕೊಟ್ಟಿಲ್ಲ. ಆ 30,000 ಇನ್ನೂ ಖಾತೆಯಲ್ಲೇ ಇದೆ. ಅದನ್ನು ವಾಪಸ್ ಸೇರಿಸಿದರೆ ಇಳಿಕೆ 2,10,000. ಲೆಕ್ಕ ಕೂಡಿತು.

ಇಷ್ಟನ್ನು ಖಜಾಂಚಿ ಹೇಳಬಹುದಲ್ಲ, ಸ್ವಾಗತ ಭಾಷಣಕ್ಕೆ ಯಾಕೆ ಅನ್ನಬಹುದು. ಖಜಾಂಚಿ ಹೇಳುವ ಹೊತ್ತಿಗೆ ತಡವಾಗಿರುತ್ತದೆ. ಪ್ರಶ್ನೆ ಬಂದ ಮೇಲೆ ಕೊಡುವ ಉತ್ತರ ಎಷ್ಟೇ ನಿಜವಿದ್ದರೂ ಸಮಜಾಯಿಷಿಯಂತೆ ಕೇಳಿಸುತ್ತದೆ. ಅದೇ ಮಾತು ಪ್ರಶ್ನೆಗೆ ಮೊದಲು ಬಂದರೆ ಮಾಹಿತಿ. ಕಾರ್ಯದರ್ಶಿ ಹೀಗೆ ಹೇಳಿದರೆ ಸಾಕು:

'ಎಲ್ಲರಿಗೂ ನಮಸ್ಕಾರ, ಸ್ವಾಗತ. ಒಂದು ಪುಟದ ಹಾಳೆ ನಿಮ್ಮ ಕೈಯಲ್ಲಿದೆ. ಉಳಿಕೆ 1,80,000 ಇದ್ದೂ ಬ್ಯಾಂಕಿನಲ್ಲಿ 2,10,000 ಯಾಕೆ ಇಳಿದಿದೆ ಅಂತ ಅದರಲ್ಲಿ ನಾಲ್ಕು ಸಾಲಿದೆ. ದೊಡ್ಡ ಕಾರಣ ಎಂಟು ಮನೆಗಳ ಬಾಕಿ. ಹೆಸರನ್ನಾಗಲೀ ಮನೆ ನಂಬರನ್ನಾಗಲೀ ಇಲ್ಲಿ ಓದುವುದಿಲ್ಲ. ಬಾಕಿ ವಸೂಲಿಗೆ ಏನು ಮಾಡಬೇಕು ಅನ್ನುವುದು ಐದನೇ ವಿಷಯ. ಬಣ್ಣದ ಮುಂಗಡ ಕೊಟ್ಟದ್ದು ಸರಿಯೇ ಅನ್ನುವ ಚರ್ಚೆ ಆರನೇ ವಿಷಯ. ಮೂರನೇ ವಿಷಯದಲ್ಲಿ ಅಂಕಿಗಳು ಸರಿ ಇವೆಯೇ ಅನ್ನುವುದನ್ನಷ್ಟೇ ನೋಡೋಣ.'

ಕೊನೆಯ ಮೂರು ವಾಕ್ಯಗಳಲ್ಲೇ ಇದರ ಜೀವ ಇರುವುದು. ಲೆಕ್ಕ ಸರಿ ಇದೆಯೇ ಅನ್ನುವುದು ಒಂದು ಪ್ರಶ್ನೆ, ಖರ್ಚು ಬೇಕಿತ್ತೇ ಅನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ವೋಚರ್ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಸದಸ್ಯರ ಮತ. ಇವೆರಡನ್ನೂ ಒಂದೇ ಉಸಿರಿಗೆ ಕೇಳಿದಾಗಲೇ ಜಗಳ. 'ಇಷ್ಟು ದುಬಾರಿ ಬಣ್ಣ ಯಾಕೆ?' ಅಂತ ಒಬ್ಬರು ಕೇಳುತ್ತಾರೆ. 'ಆಡಿಟರ್ ಸಹಿ ಹಾಕಿದ್ದಾರಲ್ಲ!' ಅಂತ ಖಜಾಂಚಿ ಉತ್ತರಿಸುತ್ತಾರೆ. ಇಬ್ಬರೂ ಬೇರೆ ಬೇರೆ ಊರಿಗೆ ಹೊರಟವರು. ಬಣ್ಣಕ್ಕೆ ಕೊಟ್ಟ ದುಡ್ಡಿಗೆ ರಸೀದಿ ಇದೆಯೇ, ಸರಿಯಾದ ಪುಟದಲ್ಲಿ ಬರೆದಿದ್ದಾರೆಯೇ ಅಂತ ಆಡಿಟರ್ ನೋಡುತ್ತಾರೆ. ಇದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತೇ ಅಂತ ಹುಡುಕುವುದು ಸಾಮಾನ್ಯವಾಗಿ ಅವರ ಕೆಲಸವಲ್ಲ. ಆಡಿಟ್ ಸಹಿಯನ್ನು ಗುರಾಣಿ ಹಾಗೆ ಎತ್ತಿ ಹಿಡಿಯುವ ಸಮಿತಿಗಳ ಬಗ್ಗೆ ನನಗೆ ಸ್ವಲ್ಪ ಅಸಮಾಧಾನವೇ ಇದೆ.

ಬಾಕಿದಾರರ ಹೆಸರು ಓದಬೇಕೆಂಬ ಆಸೆ ಬಹಳ ಜನಕ್ಕೆ ಇರುತ್ತದೆ. ನಾಚಿಕೆಯಾದರೂ ಆಗಿ ಕಟ್ಟಲಿ ಅನ್ನುವ ಲೆಕ್ಕಾಚಾರ. ಆದರೆ ಆ ಎಂಟರಲ್ಲಿ ಒಬ್ಬರು ಬಿಲ್ಲೇ ತಪ್ಪು ಅಂತ ಲಿಖಿತ ತಕರಾರು ಕೊಟ್ಟಿರಬಹುದು, ಅದಕ್ಕೆ ಸಮಿತಿ ಉತ್ತರವನ್ನೇ ಕೊಟ್ಟಿರಲಿಕ್ಕಿಲ್ಲ. ಹೆಸರು ಓದಿದ ಕ್ಷಣ ಸಭೆ ಅವರದಾಗುತ್ತದೆ. ಮುಕ್ಕಾಲು ಗಂಟೆ ಅವರ ಕಥೆ ಕೇಳಬೇಕು. ಉಳಿದ ಏಳು ಮನೆಯವರು ಆರಾಮವಾಗಿ ಕೂತು ತಲೆಯಾಡಿಸುತ್ತಾರೆ.

ಸೋರುವ ಬಚ್ಚಲಿನವರಿಗೂ ಸ್ವಾಗತ ಭಾಷಣದಲ್ಲಿ ಒಂದು ಜಾಗ ಇರಬೇಕು. ಮೇಲಿನ ಮನೆಯ ನೀರು ಕೆಳಗಿನ ಮನೆಯ ಸೂರಿಗೆ ಬರುತ್ತಿದೆ ಅನ್ನುವುದು ಮಹಾಸಭೆ ತೀರ್ಮಾನಿಸುವ ವಿಷಯವೇ ಅಲ್ಲ. ಅಲ್ಲಿ ಕೂತ ಮೂವತ್ತು ನಲವತ್ತು ಜನರಲ್ಲಿ ಯಾರೂ ಆ ಪೈಪು ನೋಡಿಲ್ಲ. ಮೇಲಿನ ಮನೆಯವರು ಸಭೆಗೆ ಬಂದೇ ಇಲ್ಲದಿರಬಹುದು. ಆದರೂ, 'ವೈಯಕ್ತಿಕ ವಿಷಯ ಇಲ್ಲಿ ಬೇಡ' ಅಂತ ಒರಟಾಗಿ ಹೇಳಿದರೆ, ವರ್ಷವಿಡೀ ಬಕೆಟ್ ಇಟ್ಟುಕೊಂಡು ಮಲಗಿದವರಿಗೆ ಹೇಗಾಗಬೇಡ! ಮನೆ ಮನೆ ನಡುವಿನ ದೂರುಗಳನ್ನು ಬಾಗಿಲ ಬಳಿಯ ಪುಸ್ತಕದಲ್ಲಿ ಬರೆಸಿಕೊಳ್ಳುತ್ತೇವೆ, ಹದಿನೈದು ದಿನದೊಳಗೆ ಇಬ್ಬರು ಸದಸ್ಯರು ಪ್ಲಂಬರ್ ಜೊತೆ ಬಂದು ಎರಡೂ ಮನೆ ನೋಡುತ್ತಾರೆ, ಆ ದಿನಾಂಕವನ್ನು ಇವತ್ತಿನ ನಡಾವಳಿಯಲ್ಲೇ ಬರೆಯುತ್ತೇವೆ ಅಂತ ಹೇಳಬೇಕು. ದಿನಾಂಕ ಇಲ್ಲದ ಭರವಸೆಯನ್ನು ಅವರು ಹಿಂದಿನ ವರ್ಷವೂ ಕೇಳಿದ್ದಾರೆ. ದಿನಾಂಕ ಕೊಟ್ಟರೆ ಫೋಟೋ ಹಿಡಿದ ಕೈ ಕೆಳಗಿಳಿಯುವ ಸಾಧ್ಯತೆ ಜಾಸ್ತಿ.

ಮಾತಾಡುವ ಕ್ರಮವನ್ನೂ ಆಗಲೇ ಹೇಳಿಬಿಡಬೇಕು. ಪ್ರಶ್ನೆ ಅಧ್ಯಕ್ಷರನ್ನು ಕೇಳಬೇಕು, ಎದುರು ಸಾಲಿನವರನ್ನಲ್ಲ. ಒಬ್ಬರಿಗೆ ಎರಡು ನಿಮಿಷ. ಒಮ್ಮೆಯೂ ಮಾತಾಡದವರು ಇರುವಾಗ ಎರಡನೇ ಸಲ ಕೇಳುವವರು ಕಾಯಬೇಕು. ಇದನ್ನು ಮೊದಲೇ ಹೇಳಿದರೆ ಎಲ್ಲರಿಗೂ ಅನ್ವಯಿಸುವ ನಿಯಮ. ಯಾರೋ ಎಂಟು ನಿಮಿಷ ಮಾತಾಡಿದ ಮೇಲೆ ಹೇಳಿದರೆ, ಅವರ ಬಾಯಿ ಮುಚ್ಚಿಸಲು ಆಗ ತಾನೇ ಹುಟ್ಟಿದ ನಿಯಮ. ಅಧ್ಯಕ್ಷರ ಗೆಳೆಯರೇ ಮೊದಲು ಎರಡು ನಿಮಿಷ ದಾಟಿದರೆ ಏನಾಗುತ್ತದೆ ಅನ್ನುವುದನ್ನು ಸಭೆಯೆಲ್ಲ ಕಣ್ಣಿಟ್ಟು ನೋಡುತ್ತಿರುತ್ತದೆ. ಅವರನ್ನು ತಡೆಯದಿದ್ದರೆ ಆ ನಿಯಮ ಅಲ್ಲಿಗೇ ಸತ್ತಿತು.

ಕೋರಂ ಬಗ್ಗೆ ಒಂದೇ ವಾಕ್ಯ ಸಾಕು, ಆದರೆ ಅದು ಮೊದಲ ವಾಕ್ಯವಾಗಿರಬೇಕು. ಸಹಿ ಪುಸ್ತಕದಲ್ಲಿ ಎಷ್ಟು ಸಹಿ ಇದೆ, ಬೈಲಾ ಪ್ರಕಾರ ಎಷ್ಟು ಬೇಕು. ಅಂಕಿ ಹೇಳದೆ 'ಸಾಕಷ್ಟು ಜನ ಬಂದಿದ್ದೀರಿ' ಅಂದುಬಿಟ್ಟರೆ, ಆಮೇಲೆ ಬಾಕಿ ವಸೂಲಿಯ ನಿರ್ಣಯ ಹಿಡಿಸದವರು ಮೊದಲು ಎಳೆಯುವ ದಾರ ಅದೇ.

ಭಾಷಣ ಕೆಲಸ ಮಾಡಿತೋ ಇಲ್ಲವೋ ಅಂತ ತಿಳಿಯಲು ಚಪ್ಪಾಳೆ ನೋಡಬೇಡಿ, ಅದು ಸುಮ್ನೆ ಬೀಳುತ್ತದೆ. ಲೆಕ್ಕದ ವಿಷಯ ಬಂದಾಗ ಬರುವ ಮೊದಲ ಪ್ರಶ್ನೆ ಕೇಳಿಸಿಕೊಳ್ಳಿ. 'ನಾಲ್ಕನೇ ಪುಟದಲ್ಲಿ ರಿಪೇರಿ ಖರ್ಚು ಕಳೆದ ವರ್ಷಕ್ಕಿಂತ ದುಪ್ಪಟ್ಟು ಇದೆ, ವೋಚರ್ ತೋರಿಸ್ತೀರಾ?' ಅಂತ ಬಂದರೆ ಆಯಿತು. ಅದು ಕಟುವಾಗಿಯೇ ಇರಲಿ, ಕಟುವಾದ ಪುಟದ ಪ್ರಶ್ನೆಗೆ ಉತ್ತರ ಇರುತ್ತದೆ. ಫೈಲು ಅಲ್ಲೇ ಮೇಜಿನ ಮೇಲಿರಬೇಕು ಅಷ್ಟೆ. ಆ ವೋಚರ್ ಸಿಗದಿದ್ದರೆ ಖಜಾಂಚಿ ಹುಡುಕುತ್ತಾ ನಿಂತು ಬೆವರುವುದು ಬೇಡ. ಏಳು ದಿನದೊಳಗೆ ಪ್ರತಿ ಕೊಡುವುದಾಗಿ ನಡಾವಳಿಯಲ್ಲಿ ಬರೆಸಿ, ಆ ಒಂದು ಬಾಬನ್ನು ಬಿಟ್ಟು ಉಳಿದ ಲೆಕ್ಕ ಒಪ್ಪುತ್ತೀರಾ ಅಂತ ಸಭೆಯನ್ನು ಕೇಳಬಹುದು. ಅದರ ಬದಲು ಮೊದಲ ಪ್ರಶ್ನೆಯೇ 'ನೀವು ಯಾರ ದುಡ್ಡು ಅಂತ ತಿಳ್ಕೊಂಡಿದ್ದೀರಿ?' ಅಂತ ಬಂದರೆ, ಆ ನಾಲ್ಕು ಸಾಲಿನ ಹಾಳೆ ಹಂಚಿಲ್ಲ ಅಂತಲೋ, ಹಂಚಿದ್ದನ್ನು ಯಾರೂ ಓದಿ ಹೇಳಲಿಲ್ಲ ಅಂತಲೋ ತಿಳಿಯಬೇಕು.

ವಂದನೆಗಳ ಪಟ್ಟಿಯನ್ನು ನಾನಾದರೆ ಸ್ವಾಗತದಿಂದ ಕಿತ್ತು ಕೊನೆಗೆ ಕಳಿಸುತ್ತೇನೆ. ಆ ಜಾಗದಲ್ಲಿ ಕಳೆದ ವರ್ಷದ ನಡಾವಳಿಯಲ್ಲಿ ಒಪ್ಪಿಕೊಂಡ ಕೆಲಸಗಳನ್ನು ಓದಬೇಕು: ಆಗಿದ್ದು ಇಷ್ಟು, ಆಗದೆ ಉಳಿದದ್ದು ಇಷ್ಟು, ಯಾಕೆ ಅಂತ ಅರ್ಧ ವಾಕ್ಯ. ಆಗದಿರುವುದನ್ನು ಸಮಿತಿಯೇ ಮೊದಲು ಓದಿಬಿಟ್ಟರೆ, ಕೆಂಪು ಪೆನ್ನಿನವರ ಪಟ್ಟಿಯಲ್ಲಿ ಅರ್ಧ ಗೀಟು ವ್ಯರ್ಥವಾಗುತ್ತದೆ. ಅವರಿಗೆ ಸ್ವಲ್ಪ ಬೇಜಾರಾಗಬಹುದು. ಉಳಿದರ್ಧ ಕೇಳಲಿ, ಅದನ್ನು ಕೇಳಲೇಬೇಕು.