ಫೋಟೋಗೆ ತುಪ್ಪ

ಹೋಳಿ ಹುಣ್ಣಿಮೆಯ ದಿನ ಪುಣೆಯಿಂದ ನಮ್ಮ ಬೀಗಿತ್ತಿ ಎರಡು ಫೋಟೋ ಕಳಿಸಿದರು. ಮೊದಲನೆಯದರಲ್ಲಿ ತಟ್ಟೆ ತುಂಬ ಪುರಣಪೋಳಿ, ಮೇಲೆ ತುಪ್ಪ. ಎರಡನೆಯದರಲ್ಲಿ ಬರೀ ತಟ್ಟೆ. ನಾನಿಲ್ಲಿ ಮುಂಬೈಯ ಮಾಟುಂಗಾದಲ್ಲಿ ಮೊಸರನ್ನ ಕಲಸುತ್ತಿದ್ದೆ. ಎಡಗೈಯಲ್ಲೇ ಟೈಪ್ ಮಾಡಿದೆ:

“ಪಾಪ, ಒಬ್ರೇ ಕೂತು ಅಷ್ಟೂ ಹೋಳಿಗೆ ಮುಗಿಸಿದ್ರಲ್ಲ! ನಮ್ಮಂಥ ಬಡವರಿಗೆ ಫೋಟೋನೇ ಗತಿ.”

ನನ್ನ ಮರಾಠಿ ತರಕಾರಿ ಗಾಡಿಯವನಿಗೆ ಸಾಕು, ಬೀಗರಿಗೆ ಸಾಲದು. ಹಾಗಾಗಿ ಅನುವಾದದ ಆ್ಯಪ್‌ಗೆ ಹಾಕಿ, ಬಂದದ್ದನ್ನು ಕಳಿಸಿ, ಊಟಕ್ಕೆ ಕೂತೆ.

ಹತ್ತು ನಿಮಿಷಕ್ಕೆ ಮಗಳ ಫೋನು. “ಅಮ್ಮಾ, ಅತ್ತೆ ಕೇಳ್ತಿದ್ದಾರೆ, ತಾನು ಮಾಡಿದ ಪಾಪ ಏನು ಅಂತ.”

ಅವಳು ಓದಿ ಹೇಳಿದಳು. ಅಲ್ಲಿ ಹೋಗಿದ್ದು ಹೀಗೆ: ಪಾಪ! ನೀನು ಒಬ್ಬಳೇ ಕೂತು ಹೋಳಿ ಹಬ್ಬವನ್ನೇ ಮುಗಿಸಿದೆ. ನಮ್ಮಂಥ ಬಡವರಿಗೆ ಫೋಟೋದ ವೇಗ.

ನಾವು ‘ಪಾಪ’ ಅಂದರೆ ಅರ್ಧ ಸಲ ಅಯ್ಯೋ ಅಂತ. ಮರಾಠಿಯವರಿಗೆ ಅದು ಗಂಗೆಯಲ್ಲಿ ತೊಳೆಯಬೇಕಾದ ಪಾಪ ಮಾತ್ರ. ನಮ್ಮ ‘ಗತಿ’ ಬೇರೆ ದಾರಿ ಇಲ್ಲದ ಗತಿ, ಅವರ ಗತಿ ಹೆಚ್ಚಾಗಿ ಓಡುವ ಗಾಡಿಯದು. ಇನ್ನು ‘ಹೋಳಿಗೆ’. ಅದು ತಿಂಡಿಯೂ ಹೌದು, ‘ಹೋಳಿ ಹಬ್ಬಕ್ಕೆ’ ಅಂತಲೂ ಹೌದು. ಹೋಳಿ ದಿನವೇ ಬರೆದರೆ ಯಂತ್ರ ತಾನೇ ಏನು ಮಾಡೀತು, ಅಲ್ವಾ?

ಇಷ್ಟಾದರೂ ನನಗೆ ಜಾಸ್ತಿ ಚುಚ್ಚಿದ್ದು ‘ನೀನು’. ನಾನು ‘ಮುಗಿಸಿದ್ರಲ್ಲ’ ಅಂತ ಮರ್ಯಾದೆಯಿಂದಲೇ ಬರೆದಿದ್ದೆ. ಮಗಳು ಹೇಳಿದಳು, ಇಂಥ ಆ್ಯಪ್‌ಗಳು ಎಷ್ಟೋ ಸಲ ಕನ್ನಡವನ್ನು ಮೊದಲು ಇಂಗ್ಲಿಷ್ ಮಾಡಿ, ಆಮೇಲೆ ಮರಾಠಿ ಮಾಡುತ್ತವಂತೆ. ಇಂಗ್ಲಿಷ್‌ನಲ್ಲಿ ನೀನೂ ‘ಯೂ’, ನೀವೂ ‘ಯೂ’. ಅತ್ತ ಹೋಗಿ ಇಳಿಯುವಾಗ ಅದು ‘ತುಮ್ಹೀ’ಯೂ ಆಗಬಹುದು, ‘ತೂ’ವೂ ಆಗಬಹುದು. ಬೀಗಿತ್ತಿಗೆ ಬಂದದ್ದು ‘ತೂ’. ಕೊನೆಗೆ ಹಾಕಿದ್ದ ನಗುವ ಮುಖವೂ ಕೈ ಕೊಟ್ಟಿತ್ತು. ಪಾಪಿ ಅಂತ ಬೈದು ಹಲ್ಲು ಕಿರಿದ ಹಾಗೆ ಕಾಣಿಸಿತ್ತಂತೆ.

ತಪ್ಪಾಯ್ತು ಅಂತ ಬರೆಯಲು ಕೂತೆ. “ಸುಮ್ನೆ ಚೇಷ್ಟೆ ಮಾಡಿದೆ.” ಕಳಿಸುವ ಮುಂಚೆ ಮಗಳಿಗೆ ತೋರಿಸಿದ್ದು ಪುಣ್ಯ. ಮರಾಠಿಯಲ್ಲಿ ಚೇಷ್ಟಾ ಅಂದರೆ ಇನ್ನೊಬ್ಬರನ್ನು ಗೇಲಿ ಮಾಡೋದು!

ಇನ್ನು ಮೇಲೆ ಮರಾಠಿಯನ್ನು ವಾಪಸ್ ಕನ್ನಡಕ್ಕೆ ತಿರುಗಿಸಿ ನೋಡಿಯೇ ಕಳಿಸುತ್ತೇನೆ ಅಂದೆ. ಮಾಡಿಯೂ ನೋಡಿದೆ. ‘ವೇಗ’ ಸಿಕ್ಕಿಬಿತ್ತು. ‘ಪಾಪ’ ಮಾತ್ರ ಪಾಪವಾಗಿಯೇ ವಾಪಸ್ ಬಂತು. ನಾನು ಅದನ್ನು ‘ಅಯ್ಯೋ’ ಅಂತಲೇ ಓದಿಕೊಂಡೆ. ಎರಡೂ ಭಾಷೆಯಲ್ಲಿ ಒಂದೇ ವೇಷ ಹಾಕುವ ಮಾತು ಹೀಗೆ ತಪ್ಪಿಸಿಕೊಳ್ಳುತ್ತದೆ. ಮರಾಠಿಯನ್ನು ಇಂಗ್ಲಿಷ್‌ಗೆ ತಿರುಗಿಸಿದಾಗ ‘ಸಿನ್’ ಅಂತ ಬಂತು ನೋಡಿ, ಕಳ್ಳ ಸಿಕ್ಕ.

ಆಮೇಲೆ ಇಬ್ಬರೂ ಫೋನಲ್ಲೇ ಕೂತು ತಿದ್ದಿದೆವು. ‘ಪಾಪ’ ಹೋಯಿತು. ‘ಹೋಳಿಗೆ’ ಬದಲು ಅವರದೇ ‘ಪುರಣಪೋಳಿ’ ಬಂತು. ‘ಅಲ್ಲ’ ಅನ್ನುವ ರಾಗ ಬಿಟ್ಟು ಪೂರ್ತಿ ವಾಕ್ಯ ಬರೆದೆ, ಅದೂ ಪುಸ್ತಕದ ಕನ್ನಡದಲ್ಲಿ. ‘ನೀವು’ ಮಾಡಿದಿರಿ ಅನ್ನುವುದನ್ನೇ ತೆಗೆದು ಎಲ್ಲವನ್ನೂ ‘ನಾನು’ ಮೇಲೆ ಹಾಕಿಕೊಂಡೆ. ಆಗ ‘ತೂ’ ಬರಲು ಜಾಗವೇ ಇಲ್ಲ, ಚುಚ್ಚಿದರೂ ನನಗೇ ಚುಚ್ಚಬೇಕು.

ಆದರೆ ತಮಾಷೆ? ಅದಿಲ್ಲದೆ ಕಳಿಸಲು ಮನಸ್ಸಿಲ್ಲ. ಒಂದು ಹೇಳಿ ಇನ್ನೊಂದು ಅರ್ಥ ಬರಿಸುವ ಕೊಂಕು ಯಂತ್ರದಲ್ಲಿ ಸಾಯುತ್ತದೆ. ಅಕ್ಷರಶಃ ಓದಿದರೂ ಕಣ್ಣಿಗೆ ಕಟ್ಟುವ ಸುಳ್ಳು ಬದುಕುತ್ತದೆ. ಹಾಗಾಗಿ ಹೋಗಿದ್ದು ಇದು:

“ಪುರಣಪೋಳಿಯ ಫೋಟೋ ತುಂಬಾ ಚೆನ್ನಾಗಿದೆ. ನಾನು ಇವತ್ತು ಮೊಸರನ್ನ ತಿಂದೆ. ಈಗ ಈ ಫೋಟೋಗೆ ತುಪ್ಪ ಹಚ್ಚಿ ತಿನ್ನುತ್ತೇನೆ.”

ಅತ್ತಲಿಂದ ಮೂರು ನಗುವ ಮುಖ. ಖುಷಿಯಲ್ಲಿ, ಶನಿವಾರ ಪುಣೆಗೆ ಬರುತ್ತೇನೆ ಅಂತ ಬರೆದೆ. ಬಂದ ಉತ್ತರ ಆ್ಯಪ್‌ನಲ್ಲಿ ಹೀಗೆ ಕನ್ನಡವಾಯಿತು: “ನೀವು ಊಟ ಮಾಡಿಕೊಂಡೇ ಬರುತ್ತೀರಲ್ಲವೇ.”

ಕರ್ಜತ್‌ನಲ್ಲಿ ರೈಲು ನಿಂತಾಗ ಎರಡು ವಡಾಪಾವ್ ತಿಂದೆ, ಮನಸ್ಸಿಲ್ಲದ ಮನಸ್ಸಿನಿಂದ. ಸದಾಶಿವ ಪೇಠೆಯ ಮನೆಯಲ್ಲಿ ಮಣೆ ಹಾಕಿ, ಹನ್ನೆರಡು ಪೋಳಿ ಪೇರಿಸಿ, ಬೀಗಿತ್ತಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದರು. ‘ಊಟ ಮಾಡಿಕೊಂಡೇ ಬರುತ್ತೀರಲ್ಲವೇ’ ಅನ್ನೋದು ಪುಣೆಯವರ ಮೇಲೆ ಊರೆಲ್ಲ ಮಾಡುವ ಹಳೇ ಜೋಕಂತೆ. ತನ್ನ ಮೇಲೆ ತಾನೇ ಮಾಡಿಕೊಂಡಿದ್ದರು.

ಎಂಟು ತಿಂದೆ. ವಡಾಪಾವ್ ವಿಷಯ ಇನ್ನೂ ಹೇಳಿಲ್ಲ.